ಮನೆ ಇನ್ಶೂರೆನ್ಸ್: 10 ವರ್ಷಕ್ಕೆ ಒಟ್ಟಿಗೇ ಕಟ್ಟೋದಾ, ವರ್ಷ ವರ್ಷ ಕಟ್ಟೋದಾ?

ಸುಂಟಿಕೊಪ್ಪದವ

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಅಪ್ಪ 2020ರಲ್ಲಿ ಕಟ್ಟಿಸಿದ ಆರ್‌ಸಿಸಿ ಮನೆ, ಒಳ ಅಳತೆ 1,200 ಚದರ ಅಡಿ. ಹಿಂದೆ ಕಾಫಿ ತೋಟ, ಇಳಿಜಾರು. 2018ರ ಭೂಕುಸಿತದಲ್ಲಿ ನಮ್ಮ ಕಡೆ ಏನಾಯ್ತು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟಾದರೂ ಮನೆಗೆ ಇನ್ಶೂರೆನ್ಸ್ ಮಾಡಿಸಿರಲಿಲ್ಲ. ಈ ಮಳೆಗಾಲಕ್ಕೆ ಮುಂಚೆ ಮಾಡಿಸೋಣ ಅಂತ ಹೊರಟಿದ್ದೇನೆ.

ಏಜೆಂಟ್ ಭಾರತ್ ಗೃಹ ರಕ್ಷಾ ಪಾಲಿಸಿ ತೋರಿಸಿದರು. ಅಡಿಗೆ 2,000 ರೂಪಾಯಿ ಲೆಕ್ಕದಲ್ಲಿ 24 ಲಕ್ಷ ಮೊತ್ತ. ವರ್ಷ ವರ್ಷ ಕಟ್ಟಿದರೆ ಜಿಎಸ್‌ಟಿ ಸೇರಿ 1,180 ರೂಪಾಯಿ. 3 ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 10% ಡಿಸ್ಕೌಂಟ್, 3,186 ರೂಪಾಯಿ. 10 ವರ್ಷಕ್ಕೆ ಕಟ್ಟಿದರೆ 25% ಡಿಸ್ಕೌಂಟ್, 8,850 ರೂಪಾಯಿ. "ದರ ಲಾಕ್ ಆಗುತ್ತೆ, ಸುಮಾರು 3,000 ಉಳಿಯುತ್ತೆ, ಯೋಚನೆ ಮಾಡಬೇಡಿ" ಅಂತಾರೆ. ಅಪ್ಪ ಮಾತ್ರ, "10 ವರ್ಷದ ದುಡ್ಡು ಇವತ್ತೇ ಯಾಕೆ ಕೊಡಬೇಕು?" ಅಂತ ಹಟ ಹಿಡಿದಿದ್ದಾರೆ. ಯಾರ ಮಾತು ಸರಿ?

ಮಳೆ ಇಂಚು

ನಿಮ್ಮಪ್ಪನ ಮಾತು ಸರಿ. ವರ್ಷ ವರ್ಷ ಕಟ್ಟಿ. ಕಾರಿನ ಹಾಗೇ, ಕ್ಲೇಮ್ ಮಾಡದೇ ಇದ್ದರೆ ವರ್ಷಕ್ಕೆ ಇಷ್ಟು ಅಂತ ಬೋನಸ್ ಸೇರುತ್ತಾ ಹೋಗುತ್ತೆ. ಐದು ವರ್ಷಕ್ಕೆ ಅರ್ಧದಷ್ಟು ದರ ಇಳಿಯುತ್ತೆ. 10 ವರ್ಷಕ್ಕೆ ಒಟ್ಟಿಗೆ ಕಟ್ಟಿದವನಿಗೆ ಆ ಬೋನಸ್ ಇಲ್ಲ. ಇನ್ನೊಂದು ವಿಷಯ. ಮುಂದೆ ಬೇರೆ ಕಂಪನಿ ಕಡಿಮೆ ದರ ಕೊಟ್ಟರೆ ಅಲ್ಲಿಗೆ ಹೋಗಬಹುದು. ಮೂವತ್ತು ವರ್ಷ ತೋಟ ನಡೆಸಿದ್ದೇನೆ. ಮುಂಗಡ ದುಡ್ಡು ಕೊಟ್ಟು ಉದ್ಧಾರ ಆದವರನ್ನು ನೋಡಿಲ್ಲ.

ವಿರಾಜಪೇಟೆ ಮೇಷ್ಟ್ರು

ಬೋನಸ್ ವಿಷಯ ಗೊತ್ತಿದ್ದವರು ಹೇಳಲಿ. ನಾನು ಕಾಮರ್ಸ್ ಮೇಷ್ಟ್ರು, ಲೆಕ್ಕ ಮಾತ್ರ ನೋಡುತ್ತೇನೆ.

ಏಜೆಂಟ್ ಹೇಳಿದ "3,000 ಉಳಿತಾಯ" ಎಲ್ಲಿಂದ ಬಂತು? 1,180ನ್ನು 10ರಿಂದ ಗುಣಿಸಿ 11,800 ಮಾಡಿ, ಅದರಲ್ಲಿ 8,850 ಕಳೆದಿದ್ದಾರೆ. 2,950. ಆದರೆ ಆ 11,800 ನೀವು ಇವತ್ತೇ ಕೊಡುವ ದುಡ್ಡಲ್ಲ, ಹತ್ತು ವರ್ಷದ ಉದ್ದಕ್ಕೂ ಕೊಡುವ ದುಡ್ಡು. ಅಲ್ಲಿವರೆಗೆ ಅದು ನಿಮ್ಮ ಹತ್ತಿರವೇ ಬಡ್ಡಿ ದುಡಿಯುತ್ತೆ.

ಹೀಗೆ ನೋಡಿ. ಆ 8,850 ರೂಪಾಯಿಯನ್ನು ಕಂಪನಿಗೆ ಕೊಡದೇ ನೀವೇ ಒಂದು ಕಡೆ ಇಡಿ. ಅದರಿಂದ ಮೊದಲ ವರ್ಷದ 1,180 ಕಟ್ಟಿ. ಉಳಿದದ್ದು 7,670. ಅದನ್ನು 7% ಬಡ್ಡಿಗೆ ಬ್ಯಾಂಕಿನಲ್ಲಿ ಇಟ್ಟರೆ ವರ್ಷದ ಕೊನೆಗೆ 8,207 ಆಗುತ್ತೆ. ಎರಡನೇ ವರ್ಷದ 1,180 ತೆಗೆಯಿರಿ, 7,027 ಉಳಿಯಿತು. ಅದಕ್ಕೆ ಮತ್ತೆ ಬಡ್ಡಿ. ಹೀಗೇ ಕಟ್ಟುತ್ತಾ ಹೋದರೆ ಒಂಬತ್ತು ಕಂತು ಆ ದುಡ್ಡಿನಲ್ಲೇ ಮುಗಿಯುತ್ತೆ. ಹತ್ತನೇ ಕಂತಿಗೆ ನಿಮ್ಮ ಜೇಬಿನಿಂದ ಹಾಕಬೇಕಾದದ್ದು ಬರೀ 33 ರೂಪಾಯಿ.

ಅಂದರೆ 25% ಡಿಸ್ಕೌಂಟ್ ಅಂತ ಕೊಟ್ಟದ್ದು ನಿಮ್ಮದೇ ಬಡ್ಡಿ. ಬಡ್ಡಿ 6% ಹಿಡಿದರೆ ಇವತ್ತಿನ ಲೆಕ್ಕದಲ್ಲಿ ಮುನ್ನೂರೈವತ್ತರ ಹತ್ತಿರ ಉಳಿಯುತ್ತೆ. ತಮಾಷೆ ಅಂದರೆ, 3 ವರ್ಷದ ಪಾಲಿಸಿಗೆ ಇದೇ 7% ಲೆಕ್ಕ ಹಾಕಿದರೆ 127 ರೂಪಾಯಿ ಉಳಿಯುತ್ತೆ. ದೊಡ್ಡ ಡಿಸ್ಕೌಂಟಿಗಿಂತ ಚಿಕ್ಕ ಡಿಸ್ಕೌಂಟೇ ವಾಸಿ!

ಮಳೆ ಇಂಚು

ಅದನ್ನೇ ನಾನು ಹೇಳಿದ್ದು.

ಗೋಣಿಕೊಪ್ಪ ಪಿಕಪ್

ಈ ಪಾಲಿಸಿಯಲ್ಲಿ ತೋಟಕ್ಕೂ ಪರಿಹಾರ ಸಿಗುತ್ತಾ? ಕಳೆದ ವರ್ಷ ಗಾಳಿಗೆ ನಮ್ಮ ಕಾಳುಮೆಣಸಿನ ಬಳ್ಳಿ ಮರ ಸಮೇತ ಬಿತ್ತು. ನೂರಾರು ಬಳ್ಳಿ.

ನಿವೃತ್ತ ಸರ್ವೇಯರ್

ಪಿಕಪ್ ಅವರೇ, ಇದು ಮನೆಗೆ ಮತ್ತು ಮನೆಯ ಸಾಮಾನಿಗೆ ಮಾತ್ರ. ತೋಟಕ್ಕೆ ಇಲ್ಲ, ಜಾಗಕ್ಕೂ ಇಲ್ಲ. ಅದೇ ಮರ ಮನೆ ಮಾಡಿನ ಮೇಲೆ ಬಿದ್ದರೆ ಸಿಗುತ್ತೆ.

ಈಗ ಮೂಲ ಪ್ರಶ್ನೆ. ನಾನು ಮಡಿಕೇರಿಯವನು. ಬೆಂಕಿ, ನೆರೆ, ಗುಡ್ಡದ ಬರೆ ಜರಿತ ಇಂಥ ಕ್ಲೇಮ್‌ಗಳ ಸರ್ವೇ ಮಾಡಿಕೊಂಡೇ ಬದುಕಿದವನು.

ಮೊದಲು ಬೋನಸ್. ಕಾರಿನ ಸ್ವಂತ ಡ್ಯಾಮೇಜ್ ಭಾಗಕ್ಕೆ ಇರುವ ನೋ ಕ್ಲೇಮ್ ಬೋನಸ್ ಪದ್ಧತಿ ಭಾರತ್ ಗೃಹ ರಕ್ಷಾದಲ್ಲಿ ಇಲ್ಲ. ಮಳೆ ಇಂಚು ಅವರು ಎರಡನ್ನೂ ಬೆರೆಸಿದ್ದಾರೆ. ಆದ್ದರಿಂದ ವರ್ಷ ವರ್ಷ ಕಟ್ಟಿದವನಿಗೆ ದರ ತಾನಾಗಿ ಇಳಿಯುತ್ತೆ ಅಂತ ಕಾಯಬೇಡಿ. ಬೇರೆ ಕಂಪನಿಗೆ ಹೋಗುವ ಸ್ವಾತಂತ್ರ್ಯ ಇರುತ್ತೆ, ಆ ಮಾತು ಸರಿ.

ಮೇಷ್ಟ್ರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಒಂದು ವಿಷಯ ಬಿಟ್ಟುಹೋಗಿದೆ, ಅದೇ ಮುಖ್ಯ. ಈ ಪಾಲಿಸಿಯನ್ನು 2021ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳೂ ಒಂದೇ ಪಠ್ಯದಲ್ಲಿ ಕೊಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಮಾಡಿತು. ಅದರಲ್ಲಿ ಹೀಗಿದೆ: ಪಾಲಿಸಿ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯದ್ದಾದರೆ, ಕಟ್ಟಡದ ವಿಮಾ ಮೊತ್ತ ಪ್ರತಿ ವರ್ಷ ತಿರುಗಿದಾಗ ತಾನಾಗಿ 10% ಏರುತ್ತೆ. ಅದಕ್ಕೆ ಬೇರೆ ಪ್ರೀಮಿಯಂ ಇಲ್ಲ. ಶುರುವಿನ ಮೊತ್ತದಷ್ಟೇ ಇನ್ನೊಂದು ಪಟ್ಟು ಸೇರುವವರೆಗೆ ಏರಬಹುದು, ಅದಕ್ಕಿಂತ ಮೇಲಿಲ್ಲ.

ನಿಮ್ಮ 24 ಲಕ್ಷ ಎರಡನೇ ವರ್ಷ 26.4 ಲಕ್ಷ. ಮೂರನೇ ವರ್ಷ 28.8. ಹತ್ತನೇ ವರ್ಷಕ್ಕೆ 45.6 ಲಕ್ಷ. ಪ್ರೀಮಿಯಂ ಮಾತ್ರ ಅದೇ 8,850. ಏಜೆಂಟ್ 25% ಡಿಸ್ಕೌಂಟ್ ಬಗ್ಗೆ ಅಷ್ಟೆಲ್ಲ ಹೇಳಿ ಇದನ್ನು ಹೇಳಲಿಲ್ಲ ಅಂದರೆ, ಅವರಿಗೇ ಗೊತ್ತಿಲ್ಲ ಅಂತ ಕಾಣುತ್ತೆ.

ವಿರಾಜಪೇಟೆ ಮೇಷ್ಟ್ರು

ಸರ್, ಇದು ನನಗೆ ಗೊತ್ತಿರಲಿಲ್ಲ. ಹಾಗಾದರೆ ನನ್ನ ಹೋಲಿಕೆಯೇ ಸರಿಯಿಲ್ಲ. ಒಂದು ಕಡೆ ಮೊತ್ತ ಏರುತ್ತಿದೆ, ಇನ್ನೊಂದು ಕಡೆ 24 ಲಕ್ಷದಲ್ಲೇ ನಿಂತಿದೆ. ಎರಡೂ ಕಡೆ ಸಮ ಇರಬೇಕಲ್ವಾ.

ಮತ್ತೆ ಹಾಕಿದೆ. ವರ್ಷ ವರ್ಷ ಕಟ್ಟುವವನೂ ಪ್ರತಿ ಸಲ ಮೊತ್ತವನ್ನು ಅಷ್ಟೇ ಏರಿಸುತ್ತಾನೆ ಅಂತ ಇಟ್ಟುಕೊಳ್ಳಿ. ದರ ಬದಲಾಗದೇ ಇದ್ದರೂ ಅವನ ಪ್ರೀಮಿಯಂ ಮೊದಲ ವರ್ಷ 1,180, ಎರಡನೇ ವರ್ಷ 1,298, ಮೂರನೇ ವರ್ಷ 1,416. ಹತ್ತನೇ ವರ್ಷ 2,242. ಒಟ್ಟು 17,110. ಇದನ್ನು 7% ಬಡ್ಡಿಯಲ್ಲಿ ಇವತ್ತಿನ ಬೆಲೆಗೆ ತಂದರೆ 12,367. ಅದರಲ್ಲಿ 8,850 ಕಳೆದರೆ ಉಳಿತಾಯ 3,500 ರೂಪಾಯಿಯ ಹತ್ತಿರ.

ಏಜೆಂಟ್ ಹೇಳಿದ ಮೊತ್ತಕ್ಕಿಂತ ಸ್ವಲ್ಪ ಮೇಲೇ ಬಂದು ನಿಂತೆವು, ದಾರಿ ಮಾತ್ರ ಬೇರೆ. ಡಿಸ್ಕೌಂಟಿನಿಂದ ಉಳಿದದ್ದು 18 ರೂಪಾಯಿ. ಮಿಕ್ಕಿದ್ದೆಲ್ಲ ಆ 10% ಏರಿಕೆಯಿಂದ.

ಒಂದು ಅನುಮಾನ ಇದೆ. 10% ಅಂದರೆ ಶುರುವಿನ ಮೊತ್ತದ ಮೇಲಾ, ಹಿಂದಿನ ವರ್ಷದ ಮೊತ್ತದ ಮೇಲಾ? ನಾನು ಶುರುವಿನದ್ದರ ಮೇಲೆ ಹಿಡಿದಿದ್ದೇನೆ. ಚಕ್ರಬಡ್ಡಿ ತರಹ ಆದರೆ ಇನ್ನೂ ಬೇಗ ಎರಡು ಪಟ್ಟು ಮುಟ್ಟುತ್ತೆ.

ನಿವೃತ್ತ ಸರ್ವೇಯರ್

ನಾನೂ ಶುರುವಿನ ಮೊತ್ತದ ಮೇಲೇ ಹಿಡಿದೆ. ಎಚ್ಚರಿಕೆಯ ಲೆಕ್ಕ ಅದು. ಪಾಲಿಸಿ ಶೆಡ್ಯೂಲ್‌ನಲ್ಲಿ ವರ್ಷವಾರು ಮೊತ್ತ ಬರೆದು ಕೊಡಿ ಅಂತ ಕೇಳಿ. ಬರೆದದ್ದು ಕೈಯಲ್ಲಿದ್ದರೆ ವಾದ ಬೇಡ.

ಮಳೆ ಇಂಚು

ಬೋನಸ್ ವಿಷಯ ಒಪ್ಪಿದೆ, ನನ್ನ ತಪ್ಪು. ಆದರೆ ಮೊತ್ತ ಏರಿಸಿ ಏನು ಮಾಡುವುದು? ಸಣ್ಣ ಪುಟ್ಟ ನಷ್ಟಕ್ಕೆ 24 ಲಕ್ಷ ಸಾಲದಾ? ಈ ಪಾಲಿಸಿಯಲ್ಲಿ ಮೊತ್ತ ಕಡಿಮೆ ಇದ್ದರೂ ಕ್ಲೇಮ್ ಕತ್ತರಿಸಲ್ಲ ಅಂತ ಕೇಳಿದ್ದೇನೆ.

ನಿವೃತ್ತ ಸರ್ವೇಯರ್

ಈ ಸಲ ನೀವು ಸರಿ. ಹಳೇ ಬೆಂಕಿ ಪಾಲಿಸಿಗಳಲ್ಲಿ ಮನೆಯ ಬೆಲೆ 40 ಲಕ್ಷ ಇದ್ದು 20 ಲಕ್ಷಕ್ಕೆ ಮಾಡಿಸಿದ್ದರೆ, 2 ಲಕ್ಷದ ನಷ್ಟಕ್ಕೂ 1 ಲಕ್ಷವೇ ಸಿಗುತ್ತಿತ್ತು. ಎಷ್ಟೋ ಮನೆಯವರ ಮುಖ ನೋಡಿ ಆ ಕಾಗದ ಬರೆದಿದ್ದೇನೆ. ಗೃಹ ರಕ್ಷಾದಲ್ಲಿ ಆ ಕಡಿತ ತೆಗೆದುಹಾಕಿದ್ದಾರೆ. ಮಾಡು ಹಾರಿ 2 ಲಕ್ಷ ನಷ್ಟ ಆದರೆ 24 ಲಕ್ಷದ ಪಾಲಿಸಿಯೂ 45 ಲಕ್ಷದ ಪಾಲಿಸಿಯೂ ಒಂದೇ.

ವ್ಯತ್ಯಾಸ ಗೊತ್ತಾಗುವುದು ಮನೆ ಪೂರ್ತಿ ಹೋದಾಗ. ಆಗ ಮೊತ್ತಕ್ಕಿಂತ ಒಂದು ರೂಪಾಯಿ ಜಾಸ್ತಿ ಬರುವುದಿಲ್ಲ. ಮಾಡಿನ ಹಂಚು ಹಾರುವ ಊರಿನವರಿಗೆ ಇದು ದೊಡ್ಡ ವಿಷಯ ಅಲ್ಲ. ಬುಡ ಸಮೇತ ಮನೆ ಹೋಗುವುದನ್ನು ನೋಡಿದ ಊರು ನಮ್ಮದು. ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಸರ್ಕಾರ ಕಟ್ಟಿಕೊಟ್ಟ ಮನೆಗಳ ಸಾಲು ನೋಡಿದರೆ ಸಾಕು.

ಕುಶಾಲನಗರ ಅಕ್ಕ

ನನ್ನದು ಸ್ವಲ್ಪ ಬೇರೆ ಕಥೆ, ಆದರೂ ಹೇಳುತ್ತೇನೆ. ಹೋಂ ಲೋನ್ ತೆಗೆದುಕೊಳ್ಳುವಾಗ ಬ್ಯಾಂಕಿನವರೇ 10 ವರ್ಷದ ಮನೆ ಪಾಲಿಸಿ ಮಾಡಿಸಿದರು. ಪ್ರೀಮಿಯಂ 18,000. "ನೀವು ಕೈಯಿಂದ ಕೊಡಬೇಕಾಗಿಲ್ಲ ಮೇಡಂ, ಲೋನಿಗೇ ಸೇರಿಸಿದ್ದೇವೆ" ಅಂದರು. ಸುಮ್ನೆ ಸಹಿ ಹಾಕಿದೆ. ಲೋನ್ 20 ವರ್ಷ, ಬಡ್ಡಿ 9%. ನಮ್ಮದು ಹೊಳೆ ಹತ್ತಿರದ ಬಡಾವಣೆ, ನೀರು ಬರುವ ಜಾಗ. ಅದಕ್ಕೆ ಪಾಲಿಸಿ ಇದೆಯಲ್ಲ ಅಂತ ಧೈರ್ಯವಾಗಿದ್ದೆ.

ಪಾಲಿಸಿ ಕಾಪಿ ಕೈಗೆ ಬಂದದ್ದು ಎರಡು ವರ್ಷ ಆದ ಮೇಲೆ, ಅದೂ ಮೂರು ಸಲ ಹೋಗಿ ಕೇಳಿದ್ದಕ್ಕೆ. ನೋಡಿದರೆ ಮೊತ್ತ 15 ಲಕ್ಷ. ನಮ್ಮ ಲೋನ್ ಎಷ್ಟಿತ್ತೋ ಅಷ್ಟು. ಮನೆ ಕಟ್ಟಲು ಖರ್ಚಾದದ್ದು 31 ಲಕ್ಷ. ಅಂದರೆ ಅವರ ದುಡ್ಡಿಗೆ ಇನ್ಶೂರೆನ್ಸ್, ಕಂತು ಮಾತ್ರ ನನ್ನದು.

ವಿರಾಜಪೇಟೆ ಮೇಷ್ಟ್ರು

ಅಕ್ಕ, ಆ 18,000ಕ್ಕೆ ತಿಂಗಳಿಗೆ 162 ರೂಪಾಯಿ ಕಂತು ಬೀಳುತ್ತೆ. 240 ತಿಂಗಳಿಗೆ 38,800 ದಾಟುತ್ತೆ. ಪಾಲಿಸಿ 10 ವರ್ಷಕ್ಕೆ ಮುಗಿಯುತ್ತೆ, ಅದರ ಸಾಲ ಇನ್ನೂ 10 ವರ್ಷ ತೀರಿಸುತ್ತಾ ಇರುತ್ತೀರಿ. ಡಿಸ್ಕೌಂಟ್ ಕೊಟ್ಟಿದ್ದರೂ ಎಲ್ಲಿ ಉಳಿಯಿತು? ಸಾಧ್ಯವಾದರೆ ಅಷ್ಟು ದುಡ್ಡನ್ನು ಲೋನಿಗೆ ಒಮ್ಮೆ ಮುಂಗಡ ಕಟ್ಟಿಬಿಡಿ.

ನಿವೃತ್ತ ಸರ್ವೇಯರ್

ಕಾಪಿ ಮತ್ತೊಮ್ಮೆ ನೋಡಿ ಅಕ್ಕ. ಮೇಲೆ ಯಾವ ಪಾಲಿಸಿ ಅಂತ ಬರೆದಿದೆ? ಕೆಲವು ಕಡೆ ಲೋನಿನ ಜೊತೆ ಕೊಡುವುದು ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ಪಾಲಿಸಿ. ಮನೆಗೆ ನೀರು ಬಂದರೆ ಅದರಲ್ಲಿ ಏನೂ ಇಲ್ಲ. ಮನೆ ಪಾಲಿಸಿಯೇ ಆಗಿದ್ದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಮೊತ್ತ ಏರಿಸಲು ಬರೆದು ಕೇಳಿ. ಕಟ್ಟಡದ ಮೊತ್ತ ಅಂದರೆ ಲೋನಿನ ಮೊತ್ತವೂ ಅಲ್ಲ, ಮಾರಾಟದ ಬೆಲೆಯೂ ಅಲ್ಲ. ಒಳ ಅಳತೆಯನ್ನು ಇವತ್ತಿನ ಕಟ್ಟುವ ಖರ್ಚಿನಿಂದ ಗುಣಿಸಿದ್ದು.

ಕುಶಾಲನಗರ ಅಕ್ಕ

ಮನೆ ಪಾಲಿಸಿಯೇ ಸರ್, ಈಗ ತೆಗೆದು ನೋಡಿದೆ. ನಾಳೆ ಅರ್ಜಿ ಬರೆಯುತ್ತೇನೆ.

ಸುಂಟಿಕೊಪ್ಪದವ

ಸರ್, ಮೇಷ್ಟ್ರೇ, ತುಂಬಾ ಉಪಕಾರ. ಅಪ್ಪನಿಗೆ 33 ರೂಪಾಯಿ ಲೆಕ್ಕ ಓದಿ ಹೇಳಿದೆ, ಗೆದ್ದವರ ಹಾಗೆ ನಕ್ಕರು. ಆಮೇಲೆ 45.6 ಲಕ್ಷದ ಲೆಕ್ಕ ಹೇಳಿದೆ, ಸುಮ್ಮನಾದರು.

ಎರಡು ಪ್ರಶ್ನೆ ಉಳಿದಿದೆ. ಮಧ್ಯದಲ್ಲಿ ಬೇಡ ಅನಿಸಿದರೆ ದುಡ್ಡು ಹೋಯಿತಾ? "ದರ ಲಾಕ್" ಅನ್ನುವುದಕ್ಕೆ ಏನಾದರೂ ಬೆಲೆ ಇದೆಯಾ?

ನಿವೃತ್ತ ಸರ್ವೇಯರ್

ಮೊದಲನೆಯದ್ದು. 2024ರಲ್ಲಿ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಯ ಪ್ರಕಾರ, ಒಂದು ವರ್ಷಕ್ಕಿಂತ ಹೆಚ್ಚಿನ ಪಾಲಿಸಿಯನ್ನು ನೀವು ರದ್ದು ಮಾಡಿದರೆ ಇನ್ನೂ ಶುರುವಾಗದ ವರ್ಷಗಳ ಪ್ರೀಮಿಯಂ ವಾಪಸ್ ಕೊಡಬೇಕು. ನಾಲ್ಕನೇ ವರ್ಷದ ಮಧ್ಯದಲ್ಲಿ ಮನೆ ಮಾರಿದಿರಿ ಅಂದುಕೊಳ್ಳಿ. ಮುಂದಿನ ಆರು ವರ್ಷದ್ದು ಸಿಗಬೇಕು. ಜಿಎಸ್‌ಟಿ ಸೇರಿ ವರ್ಷಕ್ಕೆ 885ರ ಹಾಗೆ ಹಿಡಿದರೆ 5,310. ಜಿಎಸ್‌ಟಿ ಪಾಲು ಕೊಡುತ್ತಾರಾ ಇಲ್ಲವಾ ಅಂತ ಮೊದಲೇ ಕೇಳಿಡಿ. ತೆರಿಗೆಯನ್ನು ಹಿಂದಕ್ಕೆ ಹೊಂದಿಸಲು ಕಂಪನಿಗೂ ಗಡುವು ಇರುತ್ತೆ, ವರ್ಷ ಕಳೆದ ಮೇಲೆ ಅಲ್ಲೊಂದು ತಕರಾರು ಬರಬಹುದು.

ಆದರೆ ಮನೆ ಪೂರ್ತಿ ನಾಶವಾಗಿ ಪೂರ್ತಿ ಮೊತ್ತ ತೆಗೆದುಕೊಂಡಿರಿ ಅಂದರೆ ಪಾಲಿಸಿ ಅಲ್ಲಿಗೆ ಮುಗಿಯಿತು. ಎರಡನೇ ವರ್ಷವೇ ಹಾಗಾದರೆ ಮುಂದಿನ ಎಂಟು ವರ್ಷದ ಪ್ರೀಮಿಯಂ ಕೇಳುವ ಹಾಗಿಲ್ಲ. 24-26 ಲಕ್ಷ ಬಂದಾಗ 7,000 ರೂಪಾಯಿಗೆ ಯಾರೂ ಅಳುವುದಿಲ್ಲ ಬಿಡಿ.

ಎರಡನೆಯದ್ದು. ಲಾಕ್‌ಗೆ ಬೆಲೆ ಇದೆ, ಆದರೆ ಏಜೆಂಟ್ ಹೇಳಿದ ಜಾಗದಲ್ಲಿ ಅಲ್ಲ. ದರ ಸ್ವಲ್ಪ ಏರಿದರೆ ನೂರು, ಇನ್ನೂರು ರೂಪಾಯಿಯ ಮಾತು. ದರ ಇಳಿದರೆ ನಿಮಗೆ ಅಷ್ಟು ನಷ್ಟ. ಇವೆರಡೂ ದೊಡ್ಡದಲ್ಲ. ದೊಡ್ಡದು ಯಾವುದು ಅಂದರೆ, ವರ್ಷದ ಪಾಲಿಸಿಯಲ್ಲಿ ಕಂಪನಿಯ ಮಾತು ಒಂದು ವರ್ಷಕ್ಕೆ ಮಾತ್ರ. ನಿಮ್ಮ ಮನೆ ಮೇಲಿನ ಗುಡ್ಡದಲ್ಲಿ ಈ ಆಗಸ್ಟಿನಲ್ಲಿ ಬಿರುಕು ಕಾಣಿಸಿತು, ಪಕ್ಕದ ಊರಿನಲ್ಲಿ ಬರೆ ಜರಿಯಿತು ಅಂದುಕೊಳ್ಳಿ. ಮುಂದಿನ ಏಪ್ರಿಲ್‌ನಲ್ಲಿ ರಿನ್ಯೂವಲ್‌ಗೆ ಹೋದರೆ ಅವರು ದರ ಏರಿಸಬಹುದು, ತಪಾಸಣೆ ಆಗಲಿ ಅನ್ನಬಹುದು. 10 ವರ್ಷದ್ದಾದರೆ ಅವಧಿ ಮುಗಿಯುವವರೆಗೆ ಆ ಪ್ರಶ್ನೆಯೇ ಏಳುವುದಿಲ್ಲ. ನೀವು ಮೋಸ ಮಾಡಿದ್ದೀರಿ ಅಂತ ಸಾಬೀತಾಗದೇ ಅವರಾಗಿ ರದ್ದು ಮಾಡುವಂತಿಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ನಾನು ಜಾಸ್ತಿ ನೋಡಿದ್ದು ಇದನ್ನೇ. ರಿನ್ಯೂವಲ್ ಮರೆಯುವುದು. ಜೂನ್‌ನಲ್ಲಿ ಮುಗಿದ ಪಾಲಿಸಿ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಕಂಪನಿಯ ಮೆಸೇಜ್ ನೋಡಿದವರಿಲ್ಲ. ಕಕ್ಕಡದ ಮಳೆಯಲ್ಲಿ ಮಾಡು ಹೋದ ಮೇಲೆ ಕಾಗದ ತೆಗೆದು ನೋಡುತ್ತಾರೆ.

ಭಾಗಮಂಡಲ ಹೋಂಸ್ಟೇ

ನಾನು 5 ವರ್ಷದ್ದು ಮಾಡಿಸಿದ್ದೆ. ಆಗ ಬರೀ ವಾಸದ ಮನೆ. ಎರಡು ವರ್ಷ ಆದ ಮೇಲೆ ಮಹಡಿಯಲ್ಲಿ ಎರಡು ರೂಂ ಹೋಂಸ್ಟೇಗೆ ಬಿಟ್ಟೆ. ಸಿಡಿಲು ಬಡಿದು ವಯರಿಂಗ್, ಇನ್ವರ್ಟರ್, ಎರಡು ಟಿವಿ ಹೋಯ್ತು. ಸರ್ವೇಗೆ ಬಂದವರು ಗೇಟಿನ ಬೋರ್ಡ್ ಫೋಟೋ ತೆಗೆದುಕೊಂಡರು. ಅಲ್ಲಿಂದ ಶುರು. "ವ್ಯಾಪಾರಕ್ಕೆ ಬಳಸಿದ್ದೀರಿ, ತಿಳಿಸಿಲ್ಲ" ಅಂತ ಪತ್ರ ಬಂತು. ಕೊನೆಗೆ ಕೆಳಗಿನ ಮನೆಯ ವಯರಿಂಗ್‌ಗೆ ಮಾತ್ರ ಸ್ವಲ್ಪ ಕೊಟ್ಟರು. ವರ್ಷ ವರ್ಷ ರಿನ್ಯೂವಲ್ ಇದ್ದಿದ್ದರೆ ಅವರೇ ಕೇಳುತ್ತಿದ್ದರು, ನನಗೂ ನೆನಪಾಗುತ್ತಿತ್ತು. ಉದ್ದದ ಪಾಲಿಸಿ ಬೀರುವಿನಲ್ಲಿ ಮಲಗಿಬಿಡುತ್ತೆ ಸ್ವಾಮಿ.

ಮಳೆ ಇಂಚು

ಎರಡು ರೂಂ ಬಿಟ್ಟರೆ ಮನೆ ಹೋಟೆಲ್ ಆಗಿಬಿಡುತ್ತಾ? ಆ ಲೆಕ್ಕದಲ್ಲಿ ಕೊಡಗಿನಲ್ಲಿ ಅರ್ಧ ಮನೆಗೆ ಇನ್ಶೂರೆನ್ಸ್ ಇಲ್ಲ.

ನಿವೃತ್ತ ಸರ್ವೇಯರ್

ನಿಮ್ಮ ಸಿಟ್ಟು ಅರ್ಥವಾಗುತ್ತೆ. ಮನೆಯವರೂ ಅಲ್ಲೇ ವಾಸ ಇದ್ದರೆ ವಾದಕ್ಕೆ ಜಾಗ ಇದೆ, ನಾನು ಒಂದು ಕಡೆ ನಿಂತು ತೀರ್ಪು ಕೊಡಲ್ಲ. ಆದರೆ ಈ ಪಾಲಿಸಿ ವಾಸದ ಮನೆಗೆ. ಬಳಕೆ ಬದಲಾದರೆ ಬರೆದು ತಿಳಿಸಬೇಕು. ಮೇಲೆ ಮಹಡಿ ಎತ್ತಿದರೂ ಅಷ್ಟೇ. 10% ಏರಿಕೆ ಇರುವುದು ಬೆಲೆ ಏರಿದ್ದಕ್ಕೆ, ಹೊಸದಾಗಿ ಕಟ್ಟಿದ್ದಕ್ಕೆ ಅಲ್ಲ.

ಸುಂಟಿಕೊಪ್ಪದವರೇ, ನಿಮ್ಮ ಮೊದಲ ಸಾಲಿನಲ್ಲೇ ಒಂದು ಮಾತು ನನ್ನ ಕಣ್ಣಿಗೆ ಬಿತ್ತು: "ಹಿಂದೆ ಇಳಿಜಾರು". ಮನೆ ಜಾಗ ಹೇಗೆ ಮಾಡಿದ್ದು? ಜೆಸಿಬಿಯಲ್ಲಿ ಬರೆ ಕಡಿದು ಸಮ ಮಾಡಿದ್ದಾ?

ಸುಂಟಿಕೊಪ್ಪದವ

ಹೌದು ಸರ್. ಹಿಂದೆ ಕಡಿದ ಮಣ್ಣನ್ನೇ ಮುಂದೆ ಹಾಕಿ ಅಂಗಳ ಮಾಡಿದ್ದು. ಇಲ್ಲಿ ಎಲ್ಲರೂ ಹಾಗೇ ಅಲ್ವಾ ಮಾಡುವುದು?

ನಿವೃತ್ತ ಸರ್ವೇಯರ್

ಎಲ್ಲರೂ ಹಾಗೇ ಮಾಡುವುದು. ಅಲ್ಲೇ ಕ್ಲೇಮ್ ಬೀಳುವುದು.

2019ರ ಆಗಸ್ಟ್‌ನಲ್ಲಿ ಒಂದೇ ವಾರ ಎರಡು ಮನೆ ನೋಡಿದೆ. ಆಗ ಇದ್ದದ್ದು ಹಳೇ ಪಾಲಿಸಿ, ಆದರೆ ಭೂಕುಸಿತದ ಷರತ್ತು ಹೆಚ್ಚುಕಡಿಮೆ ಇದೇ. ಒಂದು ಮನೆಗೆ ಮೇಲಿನ ಗುಡ್ಡದಿಂದ, ತುಂಬಾ ದೂರದಿಂದ, ಮಣ್ಣು ಮರ ಕಲ್ಲು ಎಲ್ಲ ಕೊಚ್ಚಿಕೊಂಡು ಬಂದು ಹಿಂದಿನ ಗೋಡೆ ಒಡೆದಿತ್ತು. ಅದು ಭೂಕುಸಿತ, ಬರೆದುಕೊಟ್ಟೆ, ದುಡ್ಡು ಬಂತು. ಇನ್ನೊಂದು ಮನೆಯ ಹಿಂದೆ ಹಿಂದಿನ ಬೇಸಿಗೆಯಲ್ಲಿ ಕಾರ್ ಶೆಡ್‌ಗೆ ಅಂತ ಹನ್ನೆರಡು ಅಡಿ ನೆಟ್ಟಗೆ ಕಡಿದಿದ್ದರು. ತಡೆಗೋಡೆ ಇಲ್ಲ, ನೀರು ಹೋಗಲು ಚರಂಡಿ ಇಲ್ಲ. ಆ ಕಡಿದ ಭಾಗವೇ ಜರಿದು ಅಡುಗೆಮನೆಗೆ ಬಂದಿತ್ತು. ಬಕೆಟಿನ ಹಲ್ಲಿನ ಗೆರೆ ಮಣ್ಣಿನ ಗೋಡೆಯಲ್ಲಿ ಇನ್ನೂ ಕಾಣುತ್ತಿತ್ತು. ಮನೆಯಾಕೆ ಕಾಫಿ ಕೊಟ್ಟರು, ಕುಡಿಯಲು ಆಗಲಿಲ್ಲ. ಆ ಕ್ಲೇಮ್ ತಿರಸ್ಕಾರ ಆಯಿತು.

ಪಾಲಿಸಿ ಏನು ಹೇಳುತ್ತೆ ಅಂದರೆ, ಭೂಕುಸಿತ, ಬಂಡೆ ಕುಸಿತ, ಮನೆ ನಿಂತ ನೆಲ ಕುಸಿಯುವುದು ಎಲ್ಲ ಸೇರಿದೆ. ಆದರೆ ಅಗೆತ, ಕಟ್ಟುವ ಕೆಲಸ, ದೋಷದ ವಿನ್ಯಾಸ ಇವುಗಳಿಂದ ಆದದ್ದು ಸೇರಿಲ್ಲ. ತುಂಬಿದ ಮಣ್ಣು ಕೂತು ಬಿರುಕು ಬಿಟ್ಟರೆ ಸೇರಿಲ್ಲ. ಹೊಳೆ ದಡ ಕೊರೆದರೂ ಸೇರಿಲ್ಲ. ಒಂದು ವರ್ಷದ್ದಾಗಲಿ ಹತ್ತು ವರ್ಷದ್ದಾಗಲಿ, ಈ ಸಾಲು ಎರಡರಲ್ಲೂ ಇದೆ. ನಿಮ್ಮ ಮುಂದಿನ ಅಂಗಳ ತುಂಬಿದ ಮಣ್ಣು. ಅದರ ಮೇಲೆ ಮನೆಯ ಯಾವುದಾದರೂ ಮೂಲೆ ನಿಂತಿದೆಯಾ ನೋಡಿ.

ವಿರಾಜಪೇಟೆ ಮೇಷ್ಟ್ರು

ಹಾಗಾದರೆ 3,500 ಉಳಿಸುವ ಲೆಕ್ಕ ಪಕ್ಕಕ್ಕೆ ಇಡಿ, ಮೊದಲು ತಡೆಗೋಡೆ ಕಟ್ಟಿಸಿ.

ಮಳೆ ಇಂಚು

ತಡೆಗೋಡೆಗೆ ಎಷ್ಟಾಗುತ್ತೆ ಗೊತ್ತಾ ಮೇಷ್ಟ್ರೇ? ಮರಳು, ಜಲ್ಲಿ ಮೇಲಕ್ಕೆ ಹೊತ್ತು ತರುವುದಕ್ಕೇ ಅರ್ಧ ದುಡ್ಡು. ಅಂದಹಾಗೆ ಅಡಿಗೆ 2,000ಕ್ಕೆ ಇವತ್ತು ಯಾರು ಮನೆ ಕಟ್ಟಿಕೊಡುತ್ತಾರೆ? ನಮ್ಮ ತೋಟದ ರೈಟರ್ ಮನೆಯನ್ನೇ ಅದಕ್ಕಿಂತ ಜಾಸ್ತಿಗೆ ಕಟ್ಟಿಸಿದೆ.

ನಿವೃತ್ತ ಸರ್ವೇಯರ್

ಇದು ಮುತ್ತಿನಂಥ ಮಾತು. 10% ಏರುವುದು ಶುರುವಿನ ಮೊತ್ತದ ಮೇಲೆ. ಶುರುವೇ ಕಡಿಮೆ ಆದರೆ ಹತ್ತು ವರ್ಷವೂ ಹಿಂದೆಯೇ ಇರುತ್ತೀರಿ. ಸಾಮಾನಿನ ಮೊತ್ತವೂ ಇದಕ್ಕೇ ಅಂಟಿಕೊಂಡಿದೆ. ಕಟ್ಟಡದ ಮೊತ್ತದ 20%, 10 ಲಕ್ಷದ ಮಿತಿಯವರೆಗೆ, ಪಟ್ಟಿ ಕೊಡದೇ ತಾನಾಗಿ ಸಿಗುತ್ತೆ. ನಿಮಗೆ 4.8 ಲಕ್ಷ. ಚಿನ್ನ ಇದರಲ್ಲಿ ಬರುವುದಿಲ್ಲ, ಅದನ್ನು ಬೇರೆಯಾಗಿ ಸೇರಿಸಬೇಕು.

ಗೋಣಿಕೊಪ್ಪ ಪಿಕಪ್

ಚೆಂಬು ಕಡೆ 2022ರಲ್ಲಿ ಭೂಮಿ ನಡುಗಿತ್ತಲ್ಲ, ಅಂಥದ್ದಕ್ಕೆ ಸಿಗುತ್ತಾ? ನಮ್ಮ ಭಾವನ ಮನೆ ಅಲ್ಲಿ.

ನಿವೃತ್ತ ಸರ್ವೇಯರ್

ಭೂಕಂಪ ಸೇರಿದೆ. ಆದರೆ ಬಿರುಕು ಹಳೆಯದ್ದು ಅಂತ ಅವರು ಅನ್ನದ ಹಾಗೆ, ಪಾಲಿಸಿ ಮಾಡಿಸುವ ದಿನವೇ ಎಲ್ಲ ಗೋಡೆಗಳ ಫೋಟೋ ತೆಗೆದಿಡಲು ಹೇಳಿ.

ಸುಂಟಿಕೊಪ್ಪದವ

ಮೂರು ದಿನದ ನಂತರ ಬರೆಯುತ್ತಿದ್ದೇನೆ. ಭಾನುವಾರ ನಾನೂ ಅಪ್ಪನೂ ಟೇಪ್ ಹಿಡಿದು ಹಿಂದೆ ಹೋದೆವು. ಬರೆ ಎಂಟು ಅಡಿ. ಅಪ್ಪ "ಕಲ್ಲು ಕಟ್ಟಿದ್ದೇನೆ" ಅನ್ನುತ್ತಿದ್ದದ್ದು ಸಿಮೆಂಟ್ ಇಲ್ಲದೇ ಜೋಡಿಸಿದ ಕಲ್ಲು, ಅರ್ಧದವರೆಗೆ ಮಾತ್ರ. ಮನೆ ಪೂರ್ತಿ ಗಟ್ಟಿ ನೆಲದ ಮೇಲೇ ಇದೆ, ಮುಂದಿನ ಸಿಟ್‌ಔಟ್‌ನ ಎರಡು ಕಂಬ ಮಾತ್ರ ತುಂಬಿದ ಮಣ್ಣಿನ ಮೇಲೆ. ಒಂದು ಕಂಬದ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಇದೆ. ಫೋಟೋ ತೆಗೆದಿದ್ದೇನೆ.

ನಮ್ಮ ಮನೆ ಕಟ್ಟಿದ ಮೇಸ್ತ್ರಿಗೆ ಫೋನ್ ಮಾಡಿದೆ. ಈಗ ಅಡಿಗೆ 2,400 ಅಂತಾರೆ. ಅಂದರೆ 28.8 ಲಕ್ಷ. ಅದೇ ದರದಲ್ಲಿ 10 ವರ್ಷಕ್ಕೆ 10,620 ಆಗುತ್ತೆ. ಅಪ್ಪ ಒಪ್ಪಿದರು, ಒಂದು ಷರತ್ತಿನ ಮೇಲೆ: ಮೊದಲು ಬರೆ ಮೇಲೆ ಚರಂಡಿ ತೆಗೆದು ನೀರು ಆ ಕಡೆ ತಿರುಗಿಸಬೇಕು. ಇಬ್ಬರು ಆಳು, ನಾಲ್ಕು ದಿನದ ಕೆಲಸ. ತಡೆಗೋಡೆ ಈ ವರ್ಷ ಆಗಲ್ಲ, ಕಾಫಿ ಮಾರಿದ ಮೇಲೆ.

ಏಜೆಂಟ್‌ಗೆ ಮೂರು ವಿಷಯ ಬರೆದು ಕಳಿಸಿದ್ದೇನೆ. ವರ್ಷವಾರು ಮೊತ್ತ ಶೆಡ್ಯೂಲ್‌ನಲ್ಲಿ ಬರುತ್ತಾ, ರದ್ದು ಮಾಡಿದರೆ ಎಷ್ಟು ವಾಪಸ್, ಹಿಂದೆ ಎಂಟು ಅಡಿ ಕಡಿದ ಬರೆ ಇದೆ ಅಂತ ಅರ್ಜಿಯಲ್ಲೇ ಬರೆದರೆ ಕಂಪನಿ ಏನು ಹೇಳುತ್ತೆ. ಮೊದಲ ಎರಡಕ್ಕೆ ಉತ್ತರ ಬಂತು. ಮೂರನೆಯದ್ದಕ್ಕೆ, "ಅದನ್ನೆಲ್ಲ ಯಾಕೆ ಬರೆಯುತ್ತೀರಿ ಸರ್" ಅಂತ ಫೋನ್ ಮಾಡಿದರು.

ನಿವೃತ್ತ ಸರ್ವೇಯರ್

ಬರೆಯಿರಿ. ಫೋಟೋ ಸಮೇತ ಇಮೇಲ್ ಮಾಡಿ. ಅವರು ಫೋನಿನಲ್ಲಿ ಹೇಳಿದ್ದನ್ನು ನೀವು ಇಮೇಲ್‌ನಲ್ಲಿ ವಾಪಸ್ ಬರೆದು ಕೇಳಿ.

ಮಳೆ ಇಂಚು

ನಿನ್ನೆ ರಾತ್ರಿ ಇಲ್ಲಿ ಒಂದೂವರೆ ಇಂಚು. ಚರಂಡಿ ಕೆಲಸ ಬೇಗ ಮುಗಿಸಿ ಮಗಾ.